ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ, ಆಮೇಲೆ ಟೇಪ್ ಬಿಚ್ಚಿ

ಪ್ರಶ್ನೆ: ಮನೆ ರಿನೋವೇಷನ್ ಶುರು ಮಾಡೋ ಮುಂಚೆ ಆರ್ಕಿಟೆಕ್ಟ್ ಮತ್ತು ಕಾಂಟ್ರಾಕ್ಟರ್ ಬಂದು ಮನೆ ನೋಡಬೇಕು. ಇಬ್ಬರಿಗೂ ಒಂದೇ ದಿನ ಬಿಡುವಿಲ್ಲ. ಬೇರೆ ಬೇರೆ ದಿನ ಕರೆಸಿದರೆ ಸಾಕಾ? ಅವತ್ತು ಏನೇನು ತೀರ್ಮಾನ ಮಾಡಬೇಕು, ಯಾವ ಅಳತೆ ನೋಡಬೇಕು?

ಸಾಕಾಗಲ್ಲ. ನಾನು ಹಾಗೆ ಮಾಡಿದ್ದಕ್ಕೇ ನಮ್ಮ ಫ್ರಿಜ್ ಇವತ್ತಿಗೂ ಹಾಲ್‌ನಲ್ಲಿ ಸೋಫಾ ಪಕ್ಕ ನಿಂತಿದೆ.

ನಮ್ಮಲ್ಲಿ ಆರ್ಕಿಟೆಕ್ಟ್ ಗುರುವಾರ ಬಂದರು, ಕಾಂಟ್ರಾಕ್ಟರ್ ಭಾನುವಾರ ಬಂದರು. ಅಡುಗೆಮನೆ ಮೂಲೆಯಲ್ಲಿ ಒಂದು ಸಣ್ಣ ಗೋಡೆ ಎಬ್ಬಿಸಿ, ಹಳೇ ಗೋಡೆಗೂ ಅದಕ್ಕೂ ನಡುವೆ ಫ್ರಿಜ್ ಇಡುವುದು ಅಂತಾಯಿತು. ಡ್ರಾಯಿಂಗ್‌ನಲ್ಲಿ 760 ಮಿ.ಮೀ. ಅಂತ ಬರೆದಿತ್ತು. ನಾನು ಅದನ್ನೇ ಕಾಂಟ್ರಾಕ್ಟರ್‌ಗೆ ಓದಿ ಹೇಳಿದೆ. ಅವರು "30 ಇಂಚು" ಅಂತ ಪುಸ್ತಕದಲ್ಲಿ ಬರೆದುಕೊಂಡರು. ಫ್ರಿಜ್ ಅಗಲ 700. ಎರಡೂ ಕಡೆ ಗಾಳಿಗೆ 30-30 ಜಾಗ ಉಳಿಯುತ್ತೆ, ಆರಾಮಾಗಿ ಕೂರುತ್ತೆ ಅಂದುಕೊಂಡೆ.

ಆರ್ಕಿಟೆಕ್ಟ್ ಹೇಳಿದ 760 ಟೈಲ್ಸ್ ಎಲ್ಲ ಆದ ಮೇಲೆ ಉಳಿಯಬೇಕಾದ ಜಾಗ. ಮೇಸ್ತ್ರಿ ಬಿಟ್ಟ 760 ಇಟ್ಟಿಗೆಯಿಂದ ಇಟ್ಟಿಗೆಗೆ. ಅದರ ಮೇಲೆ ಪ್ಲಾಸ್ಟರ್ 15, ಟೈಲ್ಸ್ ಅಂಟಿಸುವ ಗಮ್ 5, ಟೈಲ್ಸ್ 10. ಒಂದು ಕಡೆಗೇ 30 ಹೋಯಿತು, ಎರಡೂ ಕಡೆ ಸೇರಿ 60. ಉಳಿದದ್ದು ಸರಿಯಾಗಿ 700. ಅದೂ ನೆಲದ ಹತ್ತಿರ ಮಾತ್ರ. ಎದೆ ಮಟ್ಟದಲ್ಲಿ ಟೇಪ್ ಹಿಡಿದರೆ 696, ಯಾಕಂದ್ರೆ ಹಳೇ ಗೋಡೆ ಸ್ವಲ್ಪ ಒಳಕ್ಕೆ ವಾಲಿತ್ತು. ಫ್ರಿಜ್ ತಳ್ಳಿದ ದಿನ ಅದರ ಬಾಗಿಲ ಅಂಚು ಟೈಲ್ಸ್‌ಗೆ ತಾಗಿ ಕಿರ್ ಅಂದ ಸದ್ದು ಇನ್ನೂ ಕಿವಿಯಲ್ಲಿದೆ.

ಇದರಲ್ಲಿ ಇಬ್ಬರದೂ ತಪ್ಪಿಲ್ಲ, ನಡುವೆ ಅಂಚೆಯವನ ಕೆಲಸ ಮಾಡಿದ ನನ್ನದೇ ತಪ್ಪು. ಇಬ್ಬರೂ ಆ ಮೂಲೆಯಲ್ಲಿ ಒಟ್ಟಿಗೆ ನಿಂತಿದ್ದರೆ "ಇದು ಇಟ್ಟಿಗೆ ಅಳತೆನಾ, ಟೈಲ್ಸ್ ಆದ ಮೇಲಿನದಾ?" ಅಂತ ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು. ನನಗೆ ಆ ಪ್ರಶ್ನೆ ಇದೆ ಅಂತಲೇ ಗೊತ್ತಿರಲಿಲ್ಲ.

ಇನ್ನೊಂದು ವಿಷಯ, ನೀವು "ಶುರು ಮಾಡೋ ಮುಂಚೆ" ಅಂದಿದ್ದೀರಿ. ರೇಟ್ ಮಾತಾಡಲು ಆವಾಗ ಒಂದು ಸುತ್ತು ಬರಲಿ, ಬೇಡ ಅನ್ನಲ್ಲ. ಯಾವ ಗೋಡೆ ಒಡೆಯಬಹುದು, ಯಾವುದು ಮೇಲಿನ ಭಾರ ಹೊತ್ತಿದೆ ಅನ್ನುವುದು ಅವತ್ತೇ ತೀರ್ಮಾನ ಆಗಬೇಕು. ಆದರೆ ಅಳತೆಯ ದಿನ ಅದಲ್ಲ. ಹಳೇ ಟೈಲ್ಸ್, ಕಪಾಟು ಎಲ್ಲ ಕಿತ್ತ ಮೇಲೆ, ಹೊಸ ಗೋಡೆ ಏಳುವ ಮುಂಚೆ, ವೈರಿಂಗ್‌ಗೆ ಗೋಡೆ ಕೊರೆಯುವ ಮುಂಚೆ ಕರೆಸಿ. ಬೆಳಗಿನ ಹೊತ್ತು, ಎರಡು ಗಂಟೆ ಬಿಡುವು ಮಾಡಿಕೊಂಡು. ಸಂಜೆ ಬೇಡ, ಲೈಟ್ ಕನೆಕ್ಷನ್ ತೆಗೆದಿರುತ್ತಾರೆ, ಟಾರ್ಚ್ ಬೆಳಕಲ್ಲಿ ಗೋಡೆಯ ವಾಲು ಕಾಣಲ್ಲ.

ಹೊಸ ಗೋಡೆ ಎಲ್ಲಿ ಬರುತ್ತೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆಸಿ. ಒಂದು ಇಟ್ಟಿಗೆಯದು, ಇನ್ನೊಂದು ಟೈಲ್ಸ್ ಆದ ಮೇಲಿನದು. ಏನಾದರೂ ಕೂರಬೇಕಾದ ಜಾಗವನ್ನು ಮೂರು ಎತ್ತರದಲ್ಲಿ ಅಳೆಯಿರಿ: ನೆಲದ ಹತ್ತಿರ, ಸೊಂಟದ ಮಟ್ಟ, ತಲೆ ಮಟ್ಟ. ಮೂರರಲ್ಲಿ ಚಿಕ್ಕದನ್ನೇ ನಂಬಿ. ಫ್ರಿಜ್, ವಾಷಿಂಗ್ ಮೆಷಿನ್, ಒಲೆ ಯಾವ ಮಾಡೆಲ್ ಅಂತ ಅಷ್ಟರೊಳಗೆ ಗೊತ್ತಿರಬೇಕು. "ಆಮೇಲೆ ನೋಡೋಣ" ಅಂದರೆ ಸಾಕೆಟ್ ಕೂಡ ಆಮೇಲೆಯೇ, ಅಂದರೆ ಟೈಲ್ಸ್ ಒಡೆದು.

ನೆಲದ ಮಟ್ಟವನ್ನು ಜನ ಮರೆತೇಬಿಡುತ್ತಾರೆ. ಟ್ಯೂಬ್ ಲೆವೆಲ್ ಅಥವಾ ಲೇಸರ್ ಇಟ್ಟು, ಒಂದು ಜಾಗದ ನೆಲದಿಂದ 1 ಮೀಟರ್ ಎತ್ತರಕ್ಕೆ ಮನೆಯ ಎಲ್ಲ ಗೋಡೆಗಳ ಮೇಲೂ ಒಂದೇ ಗೆರೆ ಹಾಕಿಸಿ. ಆ ಗೆರೆಯಿಂದ ಪ್ರತಿ ಕೋಣೆಯಲ್ಲೂ ಕೆಳಕ್ಕೆ ಅಳೆದರೆ ಯಾವ ನೆಲ ಎಷ್ಟು ಏರು, ಎಷ್ಟು ತಗ್ಗು ಅಂತ ಗೊತ್ತಾಗುತ್ತೆ. ಯಾವುದಾದರೂ ಕೋಣೆಯಲ್ಲಿ ಹಳೇ ಟೈಲ್ಸ್ ಉಳಿಸಿ ಮೇಲೆ ಹೊಸದು ಹಾಕುವುದಾದರೆ ನೆಲ ಸುಮಾರು 15 ಮಿ.ಮೀ. ಏರುತ್ತೆ. ಬಾಗಿಲು ತಳ ಕೊಯ್ಯಬೇಕು, ಬಚ್ಚಲಿನ ನೆಲ ಆಗಲೂ ಹೊರಗಿನದಕ್ಕಿಂತ ತಗ್ಗಲ್ಲೇ ಇರಬೇಕು. ಅದಕ್ಕೇ ಟೈಲ್ಸ್‌ನ ಬಣ್ಣ ಆಮೇಲೆ ಆರಿಸಿದರೂ ನಡೆಯುತ್ತೆ, ದಪ್ಪ ಮಾತ್ರ ಅವತ್ತೇ ತೀರ್ಮಾನ ಆಗಬೇಕು.

ಒಂದೇ ದಿನ ಸಿಗಲಿಲ್ಲ ಅಂದರೆ ಕೆಲಸ ಒಂದು ವಾರ ಮುಂದಕ್ಕೆ ಹೋಗಲಿ ಬಿಡಿ. ಸಿಕ್ಕ ದಿನ ಪ್ರತಿ ಅಳತೆಯನ್ನೂ ಅದೇ ಗೋಡೆಯ ಮೇಲೆ ಬರೆಸಿ, ಪಕ್ಕದಲ್ಲಿ "ಇಟ್ಟಿಗೆ" ಅಥವಾ "ಟೈಲ್ಸ್ ಆದ ಮೇಲೆ" ಅಂತ ಸೇರಿಸಿ, ಫೋಟೋ ತೆಗೆದು ಇಬ್ಬರೂ ಇರುವ ಗ್ರೂಪ್‌ಗೆ ಹಾಕಿ. ಇಬ್ಬರೂ ಸರಿ ಅಂತ ಬರೆಯುವವರೆಗೆ ಮೇಸ್ತ್ರಿ ಒಂದು ಇಟ್ಟಿಗೆಯನ್ನೂ ಇಡಬಾರದು.