ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಸೇರುವ ತನಕ ಏನು ಮಾತಾಡುವುದು?

ಪ್ರಶ್ನೆ: ಹುಬ್ಬಳ್ಳಿಯಿಂದ ಮೀಟಿಂಗ್ ನಡೆಸುವವ ನಾನೇ. ಜನ ಒಬ್ಬೊಬ್ಬರೇ ಸೇರುವಾಗ ಏನು ಮಾತಾಡಲಿ?

ಉತ್ತರ: ಬಂದವರನ್ನು ಹೆಸರು ಹಿಡಿದು ಕರೆದು, ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಕೇಳಿ: "ನಮಸ್ಕಾರ್ರಿ ಸವಿತಕ್ಕಾರ, ಗದಗದಾಗ ಮಳಿ ಆತೇನ್ರಿ?"

"ಎಲ್ರೂ ಆರಾಮೇನ್ರಿ?" ಎಂದು ಕೇಳಿದರೆ ಗೊಂದಲವೇ. ಧ್ವನಿ ತಲುಪುವುದು ಕ್ಷಣ ತಡವಾಗುವುದರಿಂದ, ಯಾರು ಆಗಲೇ ಮಾತು ಶುರು ಮಾಡಿದ್ದಾರೆಂದು ಉಳಿದವರಿಗೆ ತಿಳಿಯುವುದಿಲ್ಲ. ನಾಲ್ವರು ಒಟ್ಟಿಗೆ ಬಾಯಿ ತೆರೆದು, ಒಟ್ಟಿಗೇ ಸುಮ್ಮನಾಗುತ್ತಾರೆ. ಹೆಸರು ಹಿಡಿದರೆ ಸರದಿ ಯಾರದೆಂಬುದು ಸ್ಪಷ್ಟ. ಅವರ ಮೈಕ್ ಪರೀಕ್ಷೆಯೂ ಆಯಿತು: ತುಟಿ ಆಡುತ್ತಿದ್ದರೂ ಸದ್ದಿಲ್ಲದಿದ್ದರೆ, "ಮ್ಯೂಟ್ ಆಗೈತ್ರಿ" ಎಂದು ಕೆಲಸ ಶುರುವಾಗುವ ಮೊದಲೇ ಹೇಳಬಹುದು.

ತಡವಾಗಿ ಬಂದವರಿಗೆ "ಬ್ಯಾಡಗಿ ಮೆಣಸಿನಕಾಯಿ ರೇಟಿನ ಮಾತು ನಡದೈತ್ರಿ" ಅಂದರೆ ಅವರೂ ಸೇರಿಕೊಳ್ಳುತ್ತಾರೆ. ಮನೆಯವರ ಕಾಯಿಲೆಯ ವಿಚಾರ ಮಾತ್ರ ಬೇಡ, ನಡುವೆ ಯಾರು ಬಂದು ಕೇಳಿಸಿಕೊಳ್ಳುತ್ತಾರೋ ಗೊತ್ತಾಗುವುದಿಲ್ಲ.