ಚಂದ್ರ ಹೋದ ಮೇಲೆ ಕರಡಿಮರಿಯ ಹತ್ತಿರ ಯಾರಿರುತ್ತಾರೆ?

ಮಲಗಿಸಲೆಂದು ಹೇಳುವ ಕತೆಯೇ ಮಗುವನ್ನು ಎಚ್ಚರವಾಗಿಡುವುದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಮನೆ ಬೇರೆ, ಕತೆ ಬೇರೆ, ದೂರು ಮಾತ್ರ ಒಂದೇ: ‘ಕತೆ ಮುಗಿಯುತ್ತಾ ಬಂದಂತೆ ಕಣ್ಣು ಇನ್ನಷ್ಟು ಅಗಲವಾಗುತ್ತದೆ.’ ಅವುಗಳಲ್ಲಿ ಈ ಪ್ರಕರಣವನ್ನೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಇದರಲ್ಲಿ ನಾನು ಮೊದಲು ಕೊಟ್ಟ ಸಲಹೆ ತಪ್ಪಾಗಿತ್ತು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಮಗುವಿಗೆ 2 ವರ್ಷ 10 ತಿಂಗಳು. ರಾತ್ರಿ 8:30ಕ್ಕೆ ಮಲಗಿಸಲು ಹೊರಟರೆ ನಿದ್ದೆ ಹತ್ತುವಾಗ 10 ಗಂಟೆ ದಾಟುತ್ತಿತ್ತು. ನಡುರಾತ್ರಿ ಎರಡು ಮೂರು ಸಲ ಎದ್ದು ಅಮ್ಮನನ್ನು ಕೂಗಿ ಅಳುತ್ತಿದ್ದಳು. ಹಗಲುನಿದ್ದೆ ಮಧ್ಯಾಹ್ನ 3ರೊಳಗೆ ಮುಗಿಯುತ್ತಿತ್ತು, ಆದ್ದರಿಂದ ತಡವಾದ ಹಗಲುನಿದ್ದೆ ಕಾರಣವಲ್ಲ. ಗೊರಕೆ, ಬಾಯಿ ತೆರೆದು ಉಸಿರಾಡುವುದು, ಕಿವಿನೋವು ಇವೆಯೇ ಎಂದು ಮೊದಲೇ ಕೇಳಿದ್ದೆ. ಅವು ಇದ್ದರೆ ಕತೆಯ ಮಾತು ಬಿಟ್ಟು ಮಕ್ಕಳ ವೈದ್ಯರ ಬಳಿ ಕಳಿಸುತ್ತೇನೆ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ನಿದ್ದೆ ಬಾರದ ಕರಡಿಮರಿಗೆ ಪುಟ್ಟ ಚಂದ್ರನೊಬ್ಬ ಸಹಾಯ ಮಾಡುವ ಕತೆಯನ್ನು ತಾಯಿಯೇ ಕಟ್ಟಿದ್ದರು. ಕತೆ 20 ನಿಮಿಷದವರೆಗೆ ಬೆಳೆದಿತ್ತು. ಕೇಳಿದ ಕೂಡಲೇ ‘ಇಷ್ಟು ಉದ್ದ ಬೇಡ, 5 ನಿಮಿಷಕ್ಕೆ ಇಳಿಸಿ’ ಎಂದೆ. ಇಳಿಸಿದರು. ಒಂದು ವಾರ ಕಳೆಯುವಷ್ಟರಲ್ಲಿ ಪರಿಸ್ಥಿತಿ ಬಿಗಡಾಯಿಸಿತು. ಕತೆ ಶುರುವಾದೊಡನೆ ಮಗು ‘ಬೇಡ, ಬೇಡ’ ಎಂದು ಅಮ್ಮನ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದಳು.

ಎರಡನೆಯ ಭೇಟಿಗೆ ಮಗುವನ್ನೂ ಕರೆತರಲು ಹೇಳಿದೆ. ‘ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೆಯೇ ಹೇಳಿ’ ಎಂದು ಸ್ವಲ್ಪ ದೂರ ಕುಳಿತೆ. ಮಗು ಮಡಿಲಲ್ಲಿ ಒರಗಿತು. ಗುಹೆ, ಕತ್ತಲೆ, ಆಕಳಿಸುವ ಕರಡಿಮರಿ, ಮರದ ಮೇಲೆ ಇಣುಕಿದ ಚಂದ್ರ, ಎಲ್ಲವೂ ಬಂದು ಹೋದವು. ಮಗುವಿನ ಕೈ ಸಡಿಲವಾಗಿಯೇ ಇತ್ತು. ‘ಕರಡಿಮರಿ ಕಣ್ಣು ಮುಚ್ಚಿತು’ ಎಂದಾಗ ಬೆರಳುಗಳು ಅಮ್ಮನ ತೋಳನ್ನು ಹಿಡಿದವು. ‘ಆಗ ಚಂದ್ರ ಸದ್ದು ಮಾಡದೆ ಮೋಡದ ಹಿಂದೆ ಹೋಗಿಬಿಟ್ಟ’ ಎಂದಾಗ ಆ ಹಿಡಿತ ಎಷ್ಟು ಬಿಗಿಯಾಯಿತೆಂದರೆ ತಾಯಿ ಮಾತು ನಿಲ್ಲಿಸಿ ಕೆಳಗೆ ನೋಡಿದರು. ಮಗು ತಲೆ ಎತ್ತಿ ಕೇಳಿತು: ‘ಚಂದ್ರ ಹೋದ ಮೇಲೆ ಕರಡಿಮರಿಯ ಹತ್ತಿರ ಯಾರಿರುತ್ತಾರೆ?’

ತಾಯಿ ನನ್ನ ಮುಖ ನೋಡಿದರು. ‘ನಿದ್ದೆ ಬಂದ ಮೇಲೆ ನೀವು ಏನು ಮಾಡುತ್ತೀರಿ?’ ಎಂದು ಕೇಳಿದೆ. ‘ಎಚ್ಚರವಾಗಬಾರದೆಂದು ಮೆಲ್ಲಗೆ ಕೈ ಬಿಡಿಸಿಕೊಂಡು ಎದ್ದು ಹೋಗುತ್ತೇನೆ, ಮೇಡಂ’ ಎಂದರು. ಹೇಳುತ್ತಿರುವಾಗಲೇ ಅವರಿಗೆ ಅರ್ಥವಾಯಿತು. ಕಣ್ಣು ತುಂಬಿಕೊಂಡರು. ನನಗೂ ಆಗಲೇ ಅರ್ಥವಾದದ್ದು. ಕಣ್ಣು ಮುಚ್ಚಿದರೆ ಚಂದ್ರ ಹೋಗುತ್ತಾನೆ, ಅಮ್ಮನೂ ಹೋಗುತ್ತಾಳೆ. ಹಾಗಾದ ಮೇಲೆ ಮಗು ಕಣ್ಣು ಮುಚ್ಚುವುದಾದರೂ ಹೇಗೆ? ಕತೆಯನ್ನು ಚಿಕ್ಕದು ಮಾಡಿಸಿ ಆ ಹೋಗುವ ಗಳಿಗೆಯನ್ನು ನಾನು ಇನ್ನಷ್ಟು ಹತ್ತಿರ ತಂದಿಟ್ಟಿದ್ದೆ.

ನಡುರಾತ್ರಿಯ ಅಳುವಿಗೂ ಇದೇ ಬೇರು. ನಿದ್ದೆಯ ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವಾಗ ಎಲ್ಲ ಮಕ್ಕಳೂ ಅರೆಕ್ಷಣ ಎಚ್ಚರಗೊಳ್ಳುತ್ತಾರೆ. ಮಲಗುವಾಗ ಇದ್ದದ್ದೆಲ್ಲ ಹಾಗೆಯೇ ಇದ್ದರೆ ಹೊರಳಿ ಮಲಗುತ್ತಾರೆ. ಅಮ್ಮನ ತೋಳು ಹಿಡಿದು ಮಲಗಿದ ಮಗುವಿಗೆ ಎಚ್ಚರವಾದಾಗ ಆ ತೋಳು ಇಲ್ಲದಿದ್ದರೆ ಗಾಬರಿಯಾಗುತ್ತದೆ.

ಅಲ್ಲೇ ಕುಳಿತು ಇಬ್ಬರೂ ಕತೆಯನ್ನು ಮತ್ತೆ ಕಟ್ಟಿದೆವು:

‘ಕರಡಿಮರಿಗೆ ನಿದ್ದೆ ಬರುತ್ತಿತ್ತು. ಪುಟ್ಟ ಚಂದ್ರ ಮೇಲಿನಿಂದ ನೋಡಿದ. “ನಾನು ಇಲ್ಲೇ ಇದ್ದೇನೆ” ಎಂದ. ಕರಡಿಮರಿ ಒಂದು ಪಾದ ಕೆಳಗಿಟ್ಟಿತು. ಪಾದ ಭಾರವಾಯಿತು. ಚಂದ್ರ ಬೆಳಕನ್ನು ಒಂದಿಷ್ಟು ಇಳಿಸಿದ. “ನಾನು ಇಲ್ಲೇ ಇದ್ದೇನೆ.” ಕರಡಿಮರಿ ಇನ್ನೊಂದು ಪಾದ ಕೆಳಗಿಟ್ಟಿತು. ಹೊಟ್ಟೆ ಮೇಲೆ ಬಂತು... ಕೆಳಗೆ ಹೋಯಿತು. ಚಂದ್ರ ಹೇಳಿದ: “ಈಗ ನಾನು ಬೆಟ್ಟದ ಆಚೆಯ ಮೊಲಕ್ಕೆ ಬೆಳಕು ತೋರಿಸಿ ಬರುತ್ತೇನೆ.” ಹೋದ. ಬಂದ. ಕರಡಿಮರಿ ಅಲ್ಲೇ ಇತ್ತು, ಬೆಚ್ಚಗೆ. ಚಂದ್ರನೂ ಅಲ್ಲೇ ಇದ್ದ. ಕರಡಿಮರಿ ಮೂಗನ್ನು ಪಾದದ ಮೇಲಿಟ್ಟಿತು. ಹೊಟ್ಟೆ ಮೇಲೆ ಬಂತು... ಕೆಳಗೆ ಹೋಯಿತು...’

ಚಂದ್ರ ಹೋಗುವುದನ್ನು ಪೂರ್ತಿ ತೆಗೆದುಹಾಕಬೇಕೆಂದು ತಾಯಿ ಬಯಸಿದರು. ನಾನು ಒಪ್ಪಲಿಲ್ಲ. ಅಮ್ಮ ನಿಜವಾಗಿಯೂ ಎದ್ದು ಹೋಗುವವಳೇ ಆಗಿರುವಾಗ, ಯಾರೂ ಹೋಗದ ಕತೆ ಮಗುವಿಗೆ ಹೇಳುವ ಸುಳ್ಳಾಗುತ್ತದೆ. ಚಂದ್ರ ಹೇಳಿ ಹೋಗಲಿ, ಕರಡಿಮರಿ ಇನ್ನೂ ಎಚ್ಚರವಿರುವಾಗಲೇ ಹೋಗಲಿ, ಮರಳಿ ಬಂದದ್ದನ್ನು ಅದು ಕಣ್ಣಾರೆ ನೋಡಲಿ. ಇನ್ನೊಂದು ಬದಲಾವಣೆಯನ್ನೂ ಮಾಡಿದೆವು. ಹಳೆಯ ಕತೆಯಲ್ಲಿ ಚಂದ್ರ ಬೆಳಕಿನ ಪುಡಿ ಚೆಲ್ಲಿ ಕರಡಿಮರಿಯನ್ನು ಮಲಗಿಸುತ್ತಿದ್ದ. ಹೊಸ ಕತೆಯಲ್ಲಿ ಬೆಳಕು ಇಳಿಸುವುದಷ್ಟೇ ಅವನ ಕೆಲಸ. ಪಾದ ಇಡುವುದು, ಉಸಿರು ಬಿಡುವುದು ಕರಡಿಮರಿಯದೇ. ನಿದ್ದೆ ತನ್ನ ಮೈಯಿಂದಲೇ ಬರುತ್ತದೆ ಎಂಬುದು ಮಗುವಿಗೆ ಹೀಗೆ ತಿಳಿಯಬೇಕು.

ಹೇಳುವ ಬಗೆಯ ಬಗ್ಗೆ ಮೂರೇ ಮಾತು ಹೇಳಿದೆ. ‘ಆಮೇಲೆ ಏನಾಯಿತು ಗೊತ್ತಾ?’ ಎಂದು ಕೇಳಬೇಡಿ. ಪ್ರಶ್ನೆ ಬಂದೊಡನೆ ಮಗು ಉತ್ತರ ಹುಡುಕಲು ಎದ್ದು ಕೂರುತ್ತದೆ. ‘ಮೇಲೆ ಬಂತು, ಕೆಳಗೆ ಹೋಯಿತು’ ಎನ್ನುವಾಗ ನೀವೇ ನಿಧಾನವಾಗಿ ಉಸಿರು ಬಿಡಿ. ಮೈಗೆ ಒರಗಿದ ಮಗುವಿನ ಉಸಿರೂ ಅದನ್ನು ಹಿಂಬಾಲಿಸಬಹುದು. ಒಂದು ಪದವನ್ನೂ ಬದಲಿಸದೆ ಪ್ರತಿ ರಾತ್ರಿ ಅದೇ ಕತೆ ಹೇಳಿ. ನಮಗೆ ಬೇಸರ ಬಂದರೂ ಈ ವಯಸ್ಸಿನವರಿಗೆ ಮುಂದೇನೆಂದು ಗೊತ್ತಿರುವುದೇ ನೆಮ್ಮದಿ.

ಕತೆಯಲ್ಲಿ ಹೇಳಿದ್ದನ್ನು ಕೋಣೆಯಲ್ಲೂ ಮಾಡಬೇಕಿತ್ತು. ಕತೆ ಮುಗಿದ ಮೇಲೆ, ಮಗು ತೂಕಡಿಸುತ್ತಿದ್ದರೂ ಎಚ್ಚರವಿರುವಾಗಲೇ, ‘ನೀರಿನ ಲೋಟ ಒಳಗಿಟ್ಟು ಬರುತ್ತೇನೆ’ ಎಂದು ತಾಯಿ ಎದ್ದು ಹೋಗಬೇಕು. ಮೊದಲ ರಾತ್ರಿ ಅರ್ಧ ನಿಮಿಷ. ಮಗು ಕರೆಯುವ ಮೊದಲೇ ವಾಪಸು. ದಿನಕ್ಕಿಷ್ಟು ಹೆಚ್ಚಿಸುತ್ತಾ 5 ನಿಮಿಷದವರೆಗೆ. ಮಲಗಿಸುವ ಹೊತ್ತನ್ನೂ ಸದ್ಯಕ್ಕೆ 9:45ಕ್ಕೆ ಸರಿಸಿದೆವು, ನಿಜವಾಗಿ ನಿದ್ದೆ ಬರುವ ಹೊತ್ತಿಗೆ ಹತ್ತಿರವಾಗಿ. ಬೇಗ ನಿದ್ದೆ ಹತ್ತತೊಡಗಿದ ಮೇಲೆ ಕೆಲವು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತರುವುದು.

‘ಅಳಲು ಬಿಡಿ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ’ ಎನ್ನಬಹುದಿತ್ತಲ್ಲ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಆ ಕ್ರಮದಿಂದ ಬೇಗ ನಿದ್ದೆ ಕಲಿತ ಮಕ್ಕಳಿದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಮಗು ತನ್ನ ಭಯವನ್ನು ಮಾತಿನಲ್ಲಿ ಹೇಳಿಯಾಗಿತ್ತು. ಯಾರಿರುತ್ತಾರೆ ಎಂದು ಕೇಳಿದ ಮಗುವಿಗೆ ಯಾರೂ ಇಲ್ಲದ ಕೋಣೆಯನ್ನು ಉತ್ತರವಾಗಿ ಕೊಡಲು ನನ್ನಿಂದಾಗಲಿಲ್ಲ. ನಿಧಾನವಾದರೂ ಇದೇ ಸರಿ ಎಂದು ಈಗಲೂ ನಂಬಿದ್ದೇನೆ.

ನಿಧಾನವೇ ಆಯಿತು. ಮೊದಲ 4 ರಾತ್ರಿ ಮಗು ಬಾಗಿಲವರೆಗೆ ಹಿಂದೆಯೇ ಬಂದಳು. 6ನೆಯ ರಾತ್ರಿ ತಾಯಿ ಫೋನ್ ಮಾತಿನಲ್ಲಿ ಸಿಕ್ಕಿಕೊಂಡು ಹೇಳಿದ ಹೊತ್ತಿಗೆ ಮರಳಲಿಲ್ಲ. ಮರುದಿನ ಮತ್ತೆ ಅರ್ಧ ನಿಮಿಷದಿಂದ ಶುರುಮಾಡಬೇಕಾಯಿತು. ಎರಡನೆಯ ವಾರದ ಕೊನೆಗೆ, ಲೋಟ ಇಟ್ಟು ಬಂದಾಗ ಮಗು ನಿದ್ದೆ ಹೋಗಿತ್ತು. ಹಾಗಿದ್ದರೂ ಕೊಟ್ಟ ಮಾತಿನಂತೆ ತಾಯಿ ಹಾಸಿಗೆಯ ಪಕ್ಕ ಬಂದು ನಿಂತು, ಕೇಳಿಸುವಂತೆಯೇ ‘ಬಂದೆ’ ಎಂದು ಹೇಳಿ ಹೋದರಂತೆ.

ತಿಂಗಳ ನಂತರ 8:45ಕ್ಕೆಲ್ಲ ನಿದ್ದೆ ಹತ್ತುತ್ತಿತ್ತು. ನಡುರಾತ್ರಿ ಏಳುವುದು ಪೂರ್ತಿ ನಿಂತಿಲ್ಲ, ವಾರಕ್ಕೊಂದೆರಡು ಸಲ ಇದೆ. ಒಮ್ಮೆ ಹಾಗೆ ಎದ್ದಾಗ ತಾಯಿ ಬಾಗಿಲಲ್ಲಿ ನಿಂತು ಆಲಿಸಿದರಂತೆ. ಕತ್ತಲಲ್ಲಿ ಮಗು ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿತ್ತು: ‘ಮೊಲದ ಹತ್ತಿರ ಹೋಗಿದ್ದಾನೆ. ಬರುತ್ತಾನೆ.’