ಹೆಗಲಿಗೆ ಹಚ್ಚುವ ಜೆಲ್, ನಾಳಕ್ಕೆ ಚುಚ್ಚುವ ಜೆಲ್: ವೀರ್ಯಾಣು ಎಣಿಸುವವನೊಬ್ಬನ ಉತ್ತರ

ಪ್ರಶ್ನೆ: ಗಂಡಸರಿಗೂ ಗರ್ಭನಿರೋಧಕ ಜೆಲ್ ಬರ್ತಿದೆ, ದಿನಾ ಹೆಗಲಿಗೆ ಹಚ್ಚಿಕೊಂಡ್ರೆ ಸಾಕು ಅಂತ ಓದಿದೆ. ಹೆಗಲಿಗೆ ಹಚ್ಚಿದ್ದು ಕೆಳಗೆ ಹೇಗೆ ಕೆಲಸ ಮಾಡತ್ತೆ? ವೀರ್ಯನಾಳಕ್ಕೇ ಚುಚ್ಚೋ ಇನ್ನೊಂದು ಬಗೆಯೂ ಇದೆಯಂತಲ್ಲ, ಅದನ್ನ ಬೇಕಾದಾಗ ನಿಜವಾಗ್ಲೂ ತೆಗೆಸಬಹುದಾ?

ಉತ್ತರ:

ನನ್ನ ಕೆಲಸ ವೀರ್ಯಾಣು ಎಣಿಸುವುದು. ಆಂಡ್ರಾಲಜಿ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು ಹದಿನಾಲ್ಕು ವರ್ಷವಾಯಿತು. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಮಕ್ಕಳು ಬೇಕು ಎಂದು ಬರುವವರು, ಬೇಡ ಎನ್ನುವವರಲ್ಲ. ಆದರೂ ಆ ಜೆಲ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಸರಿಯಾಗಿ ಅರ್ಥಮಾಡಿಕೊಂಡದ್ದು ಹಾಗೆ ಬಂದ ಒಬ್ಬ ಹುಡುಗನಿಂದಲೇ. ಕಟ್ಟುಮಸ್ತು ಮೈ, ರಿಪೋರ್ಟ್ ಮಾತ್ರ ನಿಲ್. ಒಂದೇ ಒಂದು ವೀರ್ಯಾಣು ಇಲ್ಲ. ಏನಾದರೂ ಔಷಧಿ ತಗೋತಿದ್ದೀಯಾ ಎಂದು ಕೇಳಿದ್ದಕ್ಕೆ, ಜಿಮ್‌ಗೆಂದು ವರ್ಷದಿಂದ ಟೆಸ್ಟೋಸ್ಟೆರೋನ್ ಚುಚ್ಚಿಸಿಕೊಳ್ಳುತ್ತಿದ್ದೇನೆ ಎಂದ. "ಅದು ಗಂಡಸರ ಹಾರ್ಮೋನೇ ಅಲ್ವಾ ಸರ್, ತಗೊಂಡ್ರೆ ಜಾಸ್ತಿ ಆಗ್ಬೇಕು ತಾನೆ?"

ಆಗುವುದು ಅದರ ತದ್ವಿರುದ್ಧ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ರಕ್ತದಲ್ಲಿ ಟೆಸ್ಟೋಸ್ಟೆರೋನ್ ಎಷ್ಟಿದೆ ಎಂದು ಸದಾ ಗಮನಿಸುತ್ತಿರುತ್ತದೆ. ಕಡಿಮೆ ಎನಿಸಿದರೆ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನ್ ಕಳಿಸಿ ವೃಷಣವನ್ನು ಕೆಲಸಕ್ಕೆ ಹಚ್ಚುತ್ತದೆ. ವೀರ್ಯಾಣು ತಯಾರಾಗಬೇಕಾದರೆ ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಟೆಸ್ಟೋಸ್ಟೆರೋನ್ ಇರಬೇಕು, ಅದು ಅಲ್ಲೇ ಹುಟ್ಟಿದ್ದೇ ಆಗಿರಬೇಕು. ಹೊರಗಿನಿಂದ ಬಂದಾಗ ಪಿಟ್ಯುಟರಿ "ಸಾಕಷ್ಟಿದೆ" ಎಂದುಕೊಂಡು ಸುಮ್ಮನಾಗುತ್ತದೆ. ಊರಿಗೆ ಟ್ಯಾಂಕರ್ ನೀರು ಬಂತೆಂದು ಬಾವಿಯ ಪಂಪ್ ನಿಲ್ಲಿಸಿದ ಹಾಗೆ: ಮನೆಗಳಿಗೆ ನೀರಿಗೇನೂ ಕೊರತೆಯಿಲ್ಲ, ಬಾವಿಯ ಪಕ್ಕದ ತೋಟ ಒಣಗುತ್ತದೆ. ಮೈಗೆ ಬೇಕಾದ ಟೆಸ್ಟೋಸ್ಟೆರೋನ್ ರಕ್ತದಲ್ಲಿ ಇರುವುದರಿಂದ ಆಸಕ್ತಿ, ಸ್ನಾಯು, ಮೂಳೆ ಎಲ್ಲ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತವೆ. ವೀರ್ಯಾಣು ಮಾತ್ರ ನಿಲ್ಲುತ್ತದೆ.

ಹೆಗಲ ಜೆಲ್ ಮಾಡುವುದೂ ಇದನ್ನೇ, ಆದರೆ ಲೆಕ್ಕಾಚಾರವಾಗಿ. ದಿನದ ಒಂದು ಡೋಸಿನಲ್ಲಿ 74 ಮಿಲಿಗ್ರಾಂ ಟೆಸ್ಟೋಸ್ಟೆರೋನ್ ಜೊತೆಗೆ 8 ಮಿಲಿಗ್ರಾಂ ನೆಸ್ಟೊರೋನ್ ಇರುತ್ತದೆ. ನೆಸ್ಟೊರೋನ್ ಎಂದರೆ ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನ್. ಪಿಟ್ಯುಟರಿಯ ಬಾಯಿ ಮುಚ್ಚಿಸುವ ಕೆಲಸ ಮುಖ್ಯವಾಗಿ ಅದರದು. ಟೆಸ್ಟೋಸ್ಟೆರೋನ್ ಜೆಲ್ ಒಂದನ್ನೇ ಹಚ್ಚಿದರೆ ಸಾಲದೇ ಎಂದರೆ, ಸಾಲದು. 2012ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದಲ್ಲಿ ಬರೀ ಟೆಸ್ಟೋಸ್ಟೆರೋನ್ ಜೆಲ್ ಹಚ್ಚಿದವರಲ್ಲಿ ಶೇ. 23 ಮಂದಿಯ ಎಣಿಕೆ ಮಾತ್ರ ಬೇಕಾದ ಮಟ್ಟಕ್ಕೆ ಇಳಿದಿತ್ತು. ನೆಸ್ಟೊರೋನ್ 8 ಮಿಲಿಗ್ರಾಂ ಸೇರಿಸಿದವರಲ್ಲಿ ಅದು ಶೇ. 89. ಮಾತ್ರೆಯ ಬದಲು ಚರ್ಮಕ್ಕೇ ಏಕೆ ಎಂದರೆ, ನುಂಗಿದ ಟೆಸ್ಟೋಸ್ಟೆರೋನ್‌ನ ಬಹುಪಾಲನ್ನು ಲಿವರ್ ಮೊದಲ ಸುತ್ತಿನಲ್ಲೇ ಒಡೆದುಹಾಕುತ್ತದೆ. ಚರ್ಮದಿಂದಾದರೆ ನಿಧಾನವಾಗಿ ನೇರ ರಕ್ತಕ್ಕೆ ಸೇರುತ್ತದೆ. ಹೆಗಲ ಹಿಂಭಾಗಕ್ಕೆ ಹಚ್ಚಿ, ಒಣಗಿದ ಮೇಲೆ ಅಂಗಿ ಹಾಕಿಕೊಳ್ಳಬೇಕು. ಹಚ್ಚಿದ ಜಾಗ ಹೆಂಡತಿಗೋ ಮಗುವಿಗೋ ತಗುಲಿದರೆ ಹಾರ್ಮೋನ್ ಅವರ ಮೈಗೂ ಹತ್ತೀತು.

"ಬೇಕಾದ ಮಟ್ಟ" ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಇಡೀ ಉತ್ತರ ನಿಂತಿರುವುದೇ ಅದರ ಮೇಲೆ.

ಒಬ್ಬಾತನನ್ನು ಊಹಿಸಿಕೊಳ್ಳಿ. ಜೆಲ್ ಶುರುಮಾಡುವ ಮೊದಲು ಅವನ ಎಣಿಕೆ ಮಿಲಿಲೀಟರಿಗೆ 5.2 ಕೋಟಿ. ನಾವು ಎಣಿಸುವ ಗಾಜಿನ ಚೇಂಬರಿನಲ್ಲಿ ಒಂದು ಮಿಲಿಮೀಟರ್ ಅಗಲದ ಚೌಕಗಳಿರುತ್ತವೆ. ಒಂದೊಂದರಲ್ಲಿ ಹಿಡಿಯುವುದು ಮಿಲಿಲೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಇವನ ವೀರ್ಯವನ್ನು ಹಾಗೇ ಹಾಕಿದರೆ ಒಂದು ಚೌಕದಲ್ಲೇ 5,200 ವೀರ್ಯಾಣು, ಎಣಿಸುವವನಿಗೆ ತಲೆ ತಿರುಗುತ್ತದೆ. 20 ಪಟ್ಟು ತೆಳು ಮಾಡಿದರೆ 260, ಅದನ್ನು ಎಣಿಸಬಹುದು. ಜೆಲ್ ಶುರುವಾಗಿ ನಾಲ್ಕು ವಾರಕ್ಕೆ ಬಂದ. 3.8 ಕೋಟಿ. ಅವನಿಗೆ ನಿರಾಸೆ. ಆದರೆ ವೀರ್ಯಾಣು ಒಂದು ದಿನದ ಅಡುಗೆಯಲ್ಲ, ಮೂಲ ಕೋಶದಿಂದ ಪೂರ್ತಿ ತಯಾರಾಗುವಷ್ಟರಲ್ಲಿ ಹತ್ತಿರಹತ್ತಿರ ಎರಡೂವರೆ ತಿಂಗಳಾಗುತ್ತದೆ. ಪಿಟ್ಯುಟರಿ ಸುಮ್ಮನಾದ ಮೇಲೂ ಸಾಲಿನಲ್ಲಿ ಮುಂದಿದ್ದವು ಹೊರಬರುತ್ತಲೇ ಇರುತ್ತವೆ. ಎಂಟನೇ ವಾರ 40 ಲಕ್ಷ. ಹನ್ನೆರಡನೇ ವಾರ 6 ಲಕ್ಷ. ಈಗ ತೆಳು ಮಾಡದೆ ಹಾಕಿದರೂ ಚೌಕಕ್ಕೆ 60 ಮಾತ್ರ.

ಗೆರೆ ಎಳೆದಿರುವುದು 10 ಲಕ್ಷಕ್ಕೆ. ನಮ್ಮ ಊಹೆಯ ಮನುಷ್ಯ ಸ್ವಲ್ಪ ನಿಧಾನ. 2024ರಲ್ಲಿ ಸಂಶೋಧಕರು ತಿಳಿಸಿದಂತೆ, ಈ ಜೆಲ್‌ನ ದೊಡ್ಡ ಪ್ರಯೋಗದಲ್ಲಿ ಅರ್ಧದಷ್ಟು ಮಂದಿ ಎಂಟು ವಾರ ತುಂಬುವ ಮೊದಲೇ ಆ ಗೆರೆ ದಾಟಿದ್ದರು, 15ನೇ ವಾರಕ್ಕೆ ಶೇ. 86 ಮಂದಿ. ಉಳಿದವರನ್ನು ನೋಡಿ: ಜೆಲ್ ಅವರೂ ಹಚ್ಚಿದ್ದಾರೆ, ಮೈಯಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ, ವೀರ್ಯ ಬರಿಗಣ್ಣಿಗೆ ಮೊದಲಿನ ಹಾಗೇ ಇರುತ್ತದೆ. ಎಣಿಸದೆ ಯಾರು ದಾಟಿದರು, ಯಾರು ದಾಟಲಿಲ್ಲ ಎಂದು ಹೇಳಲಾಗದು. ಅಷ್ಟು ದಿನವೂ ಬೇರೆ ಗರ್ಭನಿರೋಧಕ ಬೇಕೇ ಬೇಕು.

ಗೆರೆ 10 ಲಕ್ಷಕ್ಕೇ ಏಕೆ, ಸೊನ್ನೆಗೆ ಏಕಲ್ಲ? ವಿಶ್ವ ಆರೋಗ್ಯ ಸಂಸ್ಥೆ 1980–90ರ ದಶಕದಲ್ಲಿ ವಾರಕ್ಕೊಂದು ಟೆಸ್ಟೋಸ್ಟೆರೋನ್ ಇಂಜೆಕ್ಷನ್ ಕೊಟ್ಟು ಎರಡು ಪ್ರಯೋಗ ನಡೆಸಿತು. ಮೊದಲನೆಯದರಲ್ಲಿ ಎಣಿಕೆ ಪೂರ್ತಿ ಸೊನ್ನೆಯಾದ 157 ಮಂದಿ ಬೇರೇನೂ ಬಳಸದೆ ಒಂದು ವರ್ಷ ಅದನ್ನೇ ನಂಬಿದರು. ಆದದ್ದು ಒಂದೇ ಗರ್ಭ. 1996ರಲ್ಲಿ ಪ್ರಕಟವಾದ ಎರಡನೆಯದರಲ್ಲಿ ಮಿಲಿಲೀಟರಿಗೆ 30 ಲಕ್ಷದವರೆಗೆ ಉಳಿದವರನ್ನೂ ಸೇರಿಸಿಕೊಂಡರು. ಸೊನ್ನೆಯಾದವರಲ್ಲಿ ಗರ್ಭವೇ ಆಗಲಿಲ್ಲ, ಅಷ್ಟಿಷ್ಟು ಉಳಿದವರಲ್ಲಿ ನಾಲ್ಕಾದವು. ಮಿಕ್ಕಿದ್ದು ಹೆಚ್ಚಾದಷ್ಟೂ ಅಪಾಯ. ಎಲ್ಲರನ್ನೂ ಸೊನ್ನೆಗೆ ತರುವುದಂತೂ ಆಗದ ಮಾತು. ಈ ಎರಡರ ನಡುವಿನ ರಾಜಿ 10 ಲಕ್ಷ. ಮಕ್ಕಳಾಗಬೇಕೆಂದು ಬಂದವರ ಎಣಿಕೆ 1.6 ಕೋಟಿಗಿಂತ ಕೆಳಗಿದ್ದರೆ ನಾವು "ಕಡಿಮೆ" ಎಂದು ಬರೆದುಕೊಡುತ್ತೇವೆ. ಅಂಥವರಿಗೂ ಮಕ್ಕಳಾಗುತ್ತವೆ. "ಕಡಿಮೆ" ಎನ್ನುವುದು ಗರ್ಭನಿರೋಧಕವಲ್ಲ.

ಅಡ್ಡಪರಿಣಾಮದ ಬಗ್ಗೆ ಒಂದು ಮಾತು. ಮೊಡವೆ, ತೂಕ, ಮನಸ್ಸಿನ ಏರುಪೇರು ಇವು ಹಾರ್ಮೋನಿನ ಜೊತೆ ಬರುವಂಥವೇ. 320 ಮಂದಿಗೆ ಇಂಜೆಕ್ಷನ್ ಕೊಟ್ಟ ಒಂದು ಪ್ರಯೋಗವನ್ನು ಇದೇ ಕಾರಣಕ್ಕೆ 2011ರಲ್ಲಿ ಮಧ್ಯದಲ್ಲೇ ನಿಲ್ಲಿಸಿದರು. ಗರ್ಭ ತಡೆಯುವುದರಲ್ಲಿ ಅದೇನೂ ಸೋತಿರಲಿಲ್ಲ. ಜೆಲ್‌ನಲ್ಲಿ ಡೋಸ್ ಒಂದೇ ಸಮ ಇರುವುದರಿಂದ ಇಂಜೆಕ್ಷನ್‌ನ ಏರಿಳಿತ ಇಲ್ಲ ಎಂಬುದು ನಿಜ. ಆದರೆ ದಿನಾ ಮರೆಯದೆ ಹಚ್ಚಬೇಕು, ನನ್ನ ಅನುಮಾನ ಅಲ್ಲೇ.

ಬಿಟ್ಟರೆ ವಾಪಸ್ ಬರುತ್ತದೆಯೇ? ಹಾರ್ಮೋನ್ ವಿಧಾನಗಳ ಮಟ್ಟಿಗೆ ಇದಕ್ಕೆ ಗಟ್ಟಿ ಉತ್ತರವಿದೆ. ಹಳೆಯ ಪ್ರಯೋಗಗಳಲ್ಲಿ ಭಾಗವಹಿಸಿದವರ ಲೆಕ್ಕವನ್ನೆಲ್ಲ ಒಟ್ಟುಗೂಡಿಸಿ 2006ರಲ್ಲಿ ನೋಡಿದಾಗ, ಎಣಿಕೆ 2 ಕೋಟಿಗೆ ಮರಳಲು ಅರ್ಧದಷ್ಟು ಜನಕ್ಕೆ ಮೂರೂವರೆ ತಿಂಗಳಿನೊಳಗೇ ಸಾಕಾಗಿತ್ತು. ಶೇ. 90 ಮಂದಿಗೆ ಒಂದು ವರ್ಷ, ಕೊನೆಯವರಿಗೆ ಎರಡು ವರ್ಷ. ನಮ್ಮ ಜಿಮ್ ಹುಡುಗನಿಗೂ ಎಂಟನೇ ತಿಂಗಳಲ್ಲಿ ಮತ್ತೆ ಕಾಣಿಸಿದವು. ಹಾಗೆಂದು ಅವನು ಮಾಡಿದ್ದನ್ನೇ ಯಾರೂ ಗರ್ಭನಿರೋಧಕವೆಂದು ಮಾಡಬೇಡಿ. ಅಳತೆ ತಪ್ಪಿದ ಡೋಸ್, ಯಾರೂ ಎಣಿಸುತ್ತಿಲ್ಲ, ರಕ್ತ ಗಟ್ಟಿಯಾಗುವ ಅಪಾಯ ಬೇರೆ.

ಇನ್ನು ನಾಳಕ್ಕೆ ಚುಚ್ಚುವುದು. ವೀರ್ಯನಾಳದ ಒಳಗಿನ ರಂಧ್ರ ಒಂದು ಮಿಲಿಮೀಟರಿಗಿಂತಲೂ ಸಣ್ಣದು. ಚರ್ಮಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ನಾಳವನ್ನು ಹೊರಗೆಳೆದು, ಅದರೊಳಗೆ ಜೆಲ್‌ನಂಥ ಪಾಲಿಮರ್ ತುಂಬುತ್ತಾರೆ. ಇದರಲ್ಲಿ ಎಲ್ಲಕ್ಕಿಂತ ಮುಂದೆ ಹೋಗಿರುವುದು ಭಾರತದ ರಿಸಗ್. ಖರಗ್‌ಪುರ ಐಐಟಿಯ ಸುಜಯ್ ಗುಹಾ 1970ರ ದಶಕದಿಂದ ಬೆನ್ನುಹತ್ತಿದ ಕೆಲಸ ಅದು. ಇದರ ಪಾಲಿಮರ್ ನಾಳದ ಗೋಡೆಗೆ ಅಂಟಿಕೊಂಡು, ಹಾದುಹೋಗುವ ವೀರ್ಯಾಣುವಿನ ಪೊರೆಯನ್ನು ಕೆಡಿಸುತ್ತದೆ. 303 ಮಂದಿಯ ಮೂರನೇ ಹಂತದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು: ಗರ್ಭ ತಡೆಯುವುದರಲ್ಲಿ ಶೇ. 99. ಅಂಕಿ ಬಹಳ ಚೆನ್ನಾಗಿದೆ. ಆದರೆ ನೀವು ಕೇಳಿದ್ದು ತೆಗೆಸುವ ಬಗ್ಗೆ. ಅದನ್ನು ಆ ಪ್ರಯೋಗದಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಲೇ ಇಲ್ಲ. ಪ್ರಾಣಿಗಳಲ್ಲಿ ತೊಳೆದು ತೆಗೆದಿದ್ದಾರೆ, ಅಷ್ಟೇ.

ಪ್ರಾಣಿಗಳಲ್ಲಿ ಆದದ್ದೂ ಎಣಿಸುವವನಿಗೆ ಒಂದು ಪಾಠ. ರಿಸಗ್‌ನಿಂದ ಪ್ರೇರಣೆ ಪಡೆದ ವ್ಯಾಸಲ್‌ಜೆಲ್ ಎಂಬ ಇನ್ನೊಂದು ಪಾಲಿಮರನ್ನು ಮೊಲಗಳ ನಾಳಕ್ಕೆ ತುಂಬಿ, ಆಮೇಲೆ ಸೋಡಿಯಂ ಬೈಕಾರ್ಬನೇಟ್ ದ್ರಾವಣದಿಂದ ತೊಳೆದರು. ನಾಳ ತೆರೆಯಿತು, ಎಣಿಕೆ ಮೊದಲಿನ ಮಟ್ಟಕ್ಕೆ ಮರಳಿತು, ಚಲನೆಯೂ ಇತ್ತು. ಆದರೆ ಮುನ್ನುಗ್ಗುವ ಓಟ ಕುಂಠಿತವಾಗಿತ್ತು, ಅಂಡದೊಳಗೆ ನುಗ್ಗಲು ಬೇಕಾದ ತಲೆಯ ಟೋಪಿ, ಅಂದರೆ ಅಕ್ರೋಸೋಮ್, ಸರಿಯಾಗಿರಲಿಲ್ಲ. 2017ರ ವರದಿ ಅದು. ನನ್ನ ಚೇಂಬರಿನಲ್ಲಿ ಎಣಿಸಿದ್ದರೆ "ನಾರ್ಮಲ್" ಎಂದೇ ಬರೆದುಕೊಡುತ್ತಿದ್ದೆನೇನೋ.

ನಾಳ ಮುಚ್ಚಿದಷ್ಟು ಕಾಲವೂ ವೃಷಣ ಕೆಲಸ ನಿಲ್ಲಿಸುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಜೆಲ್ ಹಚ್ಚಿದವನಲ್ಲಿ ತಯಾರಿಕೆಯೇ ನಿಂತಿರುತ್ತದೆ. ನಾಳ ಮುಚ್ಚಿಸಿಕೊಂಡವನಲ್ಲಿ ತಯಾರಾದದ್ದು ಹೊರಬರಲಾಗದೆ ಹಿಂದೆ ಸೇರಿ, ಅಲ್ಲೇ ಕರಗುತ್ತದೆ. ವರ್ಷಗಳು ಕಳೆದಂತೆ ಒತ್ತಡದಿಂದ ಹಿಂದಿನ ಸಣ್ಣ ನಾಳ ಎಲ್ಲಾದರೂ ಒಡೆದು ಗಾಯದ ಕಲೆ ಕಟ್ಟಬಹುದು, ಸ್ವಂತ ವೀರ್ಯಾಣುವಿನ ವಿರುದ್ಧವೇ ಮೈ ಪ್ರತಿಕಾಯ ಬೆಳೆಸಿಕೊಳ್ಳಬಹುದು. ವ್ಯಾಸೆಕ್ಟಮಿ, ಅಂದರೆ ವೀರ್ಯನಾಳ ಕತ್ತರಿಸುವ ಆಪರೇಷನ್, ಮಾಡಿಸಿ ಹತ್ತು ಹದಿನೈದು ವರ್ಷದ ನಂತರ ನಾಳ ಜೋಡಿಸಿಕೊಂಡವರಲ್ಲಿ ಇದನ್ನು ನಾವು ನೋಡುತ್ತಲೇ ಇರುತ್ತೇವೆ. ವೀರ್ಯಾಣು ಬಂದಿರುತ್ತದೆ, ಮಗು ಬರುವುದಿಲ್ಲ. ಈಗ ನಾಳಕ್ಕೆ ತುಂಬಲು ಹೈಡ್ರೋಜೆಲ್, ಅಂದರೆ ನೀರು ಹಿಡಿದಿಟ್ಟುಕೊಳ್ಳುವ ಮೆತ್ತನೆಯ ಪಾಲಿಮರ್, ಮಾಡುತ್ತಿರುವವರು ಅದು ಎರಡು ವರ್ಷದಲ್ಲಿ ತಾನೇ ಕರಗುವಂತೆ ಮಾಡಹೊರಟಿದ್ದಾರೆ. ಕಾಯುವ ಅವಧಿ ಚಿಕ್ಕದಾದರೆ ಈ ತೊಂದರೆಯೂ ಕಡಿಮೆಯಾದೀತು ಎಂದು ನನಗೂ ಅನಿಸುತ್ತದೆ. ಆದರೆ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಅದನ್ನು ಹಾಕಿಸಿಕೊಂಡವರು ಕೆಲವೇ ಮಂದಿ.

ಯಾರಾದರೂ ನಿಮ್ಮನ್ನು ಇಂಥ ನಾಳದ ಪ್ರಯೋಗಕ್ಕೆ ಕರೆದರೆ, ಎಷ್ಟು ಮಂದಿಯಲ್ಲಿ ತಡೆಯಿತು ಎಂದು ಕೇಳುವ ಮೊದಲು, ತೆಗೆಸಿದ ಮೇಲೆ ಎಷ್ಟು ಮಂದಿಯ ಹೆಂಡತಿಯರು ಗರ್ಭಿಣಿಯರಾದರು ಎಂದು ಕೇಳಿ. "ನಾಳ ತೆರೆದುಕೊಂಡಿತು" ಎಂದು ಉತ್ತರ ಬಂದರೆ, ಪ್ರಯೋಗಕ್ಕೆ ಸೇರುವ ಮೊದಲು ವೀರ್ಯದ ಎರಡು ಸ್ಯಾಂಪಲ್ ಫ್ರೀಜ್ ಮಾಡಿಸಿಡಿ.